ಹತ್ತಕ್ಕೆ ಆರು ಕೊಟ್ಟವರೆಲ್ಲ ದೂರುವವರೇ?

ಸ್ಕೂಟರನ್ನು ಸರ್ವಿಸ್ ಮಾಡಿಸಿ ತಂದ ಮರುದಿನ ಮೊಬೈಲಿಗೆ ಒಂದು ಮೆಸೇಜು ಬರುತ್ತದೆ. ‘ನಮ್ಮ ಸೇವೆಯನ್ನು ಸ್ನೇಹಿತರಿಗೋ ಬಂಧುಗಳಿಗೋ ಶಿಫಾರಸು ಮಾಡುತ್ತೀರಾ? ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ.’ ಬ್ಯಾಂಕು, ಆಸ್ಪತ್ರೆ, ಇಂಟರ್ನೆಟ್ ಕಂಪನಿ, ಎಲ್ಲರೂ ಕೇಳುವುದು ಈ ಒಂದೇ ಪ್ರಶ್ನೆ. ಹೀಗೆ ಬಂದ ಅಂಕಗಳಿಂದ ತೆಗೆಯುವ ಸಂಖ್ಯೆಗೆ ನೆಟ್ ಪ್ರಮೋಟರ್ ಸ್ಕೋರ್ ಎಂದು ಹೆಸರು, ಚಿಕ್ಕದಾಗಿ ಎನ್‌ಪಿಎಸ್. ಅಮೆರಿಕದ ಬೇನ್ ಎಂಬ ಸಲಹಾ ಸಂಸ್ಥೆಯ ಫ್ರೆಡ್ ರೈಕೆಲ್ಡ್ 2003ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಇದನ್ನು ಮುಂದಿಟ್ಟರು. ಕಂಪನಿ ಬೆಳೆಯಲು ನೋಡಬೇಕಾದ ಸಂಖ್ಯೆ ಇದೊಂದೇ ಎನ್ನುವ ಧಾಟಿ ಆ ಲೇಖನದ್ದು. ಉದ್ದುದ್ದ ಪ್ರಶ್ನಾವಳಿಗಳಿಂದ ಬೇಸತ್ತಿದ್ದ ಕಂಪನಿಗಳಿಗೆ ಅದು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಲೆಕ್ಕ ಸರಳ. ಒಂಬತ್ತು ಅಥವಾ ಹತ್ತು ಕೊಟ್ಟವರು ‘ಪ್ರಮೋಟರ್’, ಅಂದರೆ ಹೊಗಳಿ ಹೇಳುವವರು. ಏಳು, ಎಂಟು ಕೊಟ್ಟವರು ‘ಪ್ಯಾಸಿವ್’, ಅತ್ತಲೂ ಇಲ್ಲ ಇತ್ತಲೂ ಇಲ್ಲ. ಸೊನ್ನೆಯಿಂದ ಆರರವರೆಗೆ ಕೊಟ್ಟವರೆಲ್ಲ ‘ಡಿಟ್ರಾಕ್ಟರ್’, ದೂರುವವರು. ಮೊದಲ ಗುಂಪಿನ ಶೇಕಡಾವಾರಿನಲ್ಲಿ ಕೊನೆಯ ಗುಂಪಿನದನ್ನು ಕಳೆದರೆ ಉಳಿಯುವುದೇ ಸ್ಕೋರು. ಅದು ಮೈನಸ್ 100ರಿಂದ ಪ್ಲಸ್ 100ರ ನಡುವೆ ಎಲ್ಲಿ ಬೇಕಾದರೂ ಇರಬಹುದು.

ನಮ್ಮಲ್ಲಿ ತೊಡಕು ಶುರುವಾಗುವುದು ಇಲ್ಲೇ. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ಅರವತ್ತು ಬಂದರೆ ಫಸ್ಟ್ ಕ್ಲಾಸ್ ಎಂದು ಬೆಳೆದ ನಾವು ಹತ್ತಕ್ಕೆ ಆರು ಕೊಟ್ಟಾಗ ‘ಪರವಾಗಿಲ್ಲ, ಚೆನ್ನಾಗಿಯೇ ಮಾಡಿದ್ದಾರೆ’ ಎಂದುಕೊಂಡಿರುತ್ತೇವೆ. ಎನ್‌ಪಿಎಸ್ ಲೆಕ್ಕದಲ್ಲಿ ನಾವು ಸೊನ್ನೆ ಕೊಟ್ಟು ಬೈದು ಹೋದವನ ಪಕ್ಕದಲ್ಲೇ ನಿಂತಿರುತ್ತೇವೆ. ಅಂಕ ಕೊಡುವ ಅಭ್ಯಾಸ ದೇಶದಿಂದ ದೇಶಕ್ಕೆ ಬೇರೆ. ಜಪಾನಿನವರು ತೃಪ್ತಿಯಾಗಿದ್ದರೂ ನಡುವಿನ ಅಂಕಗಳನ್ನೇ ಆರಿಸುತ್ತಾರೆ ಎಂಬುದು ಸಮೀಕ್ಷೆ ನಡೆಸುವವರಿಗೆಲ್ಲ ಗೊತ್ತು. ಆದ್ದರಿಂದ ಒಂದು ದೇಶದ ಸ್ಕೋರನ್ನು ಇನ್ನೊಂದರ ಪಕ್ಕಕ್ಕಿಟ್ಟು ‘ಅಲ್ಲಿನವರು ನಮಗಿಂತ ಚೆನ್ನಾಗಿ ಕೆಲಸ ಮಾಡುತ್ತಾರೆ’ ಎನ್ನುವುದು ದುಡುಕು.

ಒಂದು ಸರ್ವಿಸ್ ಸೆಂಟರಿನ ಲೆಕ್ಕವನ್ನೇ ಮಾಡಿ ನೋಡೋಣ. ಅಂಕಿಗಳು ಉದಾಹರಣೆಗಾಗಿ ನಾನು ಹಾಕಿಕೊಂಡವು. ತಿಂಗಳಲ್ಲಿ 2000 ಗಾಡಿ ಬಂದವು, ಎಲ್ಲರಿಗೂ ಮೆಸೇಜು ಹೋಯಿತು, ಉತ್ತರಿಸಿದವರು 200 ಮಂದಿ. ಅವರಲ್ಲಿ 90 ಜನ ಪ್ರಮೋಟರ್, 60 ಪ್ಯಾಸಿವ್, 50 ಡಿಟ್ರಾಕ್ಟರ್. ಶೇಕಡಾ 45ರಲ್ಲಿ 25 ಕಳೆದರೆ ಸ್ಕೋರು 20. ಮುಂದಿನ ತಿಂಗಳೂ 200 ಉತ್ತರ ಬಂತು. ಈ ಸಲ 86, 58, 56, ಸ್ಕೋರು 15. ಐದು ಅಂಕ ಕುಸಿಯಿತೆಂದು ಹೆಡ್ ಆಫೀಸಿನಿಂದ ಮ್ಯಾನೇಜರಿಗೆ ಫೋನು ಬರುತ್ತದೆ, ಮ್ಯಾನೇಜರು ಮೆಕ್ಯಾನಿಕ್‌ಗಳನ್ನು ಸಾಲಾಗಿ ನಿಲ್ಲಿಸಿ ಬೈಯುತ್ತಾನೆ.

ನಿಜವಾಗಿ ಏನಾದರೂ ಕುಸಿದಿದೆಯೇ? ಎರಡು ಸಾವಿರ ಜನರಲ್ಲಿ ಯಾವ ಇನ್ನೂರು ಮಂದಿ ಉತ್ತರಿಸಿದರು ಎಂಬುದು ಬರೀ ಆಕಸ್ಮಿಕ ಎಂದುಕೊಂಡರೂ, 200 ಉತ್ತರಗಳಿಂದ ಬಂದ 20 ಎಂಬ ಸ್ಕೋರಿಗೆ ಹನ್ನೊಂದು ಅಂಕ ಹೆಚ್ಚು, ಹನ್ನೊಂದು ಅಂಕ ಕಡಿಮೆಯ ಅನುಮಾನ ಅಂಟಿಕೊಂಡೇ ಇರುತ್ತದೆ. ಅಂದರೆ ನಿಜ ಸ್ಕೋರು 9ರಿಂದ 31ರೊಳಗೆ ಎಲ್ಲಾದರೂ ಇರಬಹುದು. ಎರಡು ತಿಂಗಳ ಸ್ಕೋರುಗಳನ್ನು ಹೋಲಿಸುವಾಗ ಎರಡರ ಅನುಮಾನವೂ ಸೇರಿ, ವ್ಯತ್ಯಾಸ ಸುಮಾರು ಹದಿನಾರು ಅಂಕ ದಾಟುವವರೆಗೆ ‘ಬದಲಾಯಿತು’ ಎಂದು ಹೇಳುವಂತಿಲ್ಲ. ಒಂದು ಸಂಖ್ಯೆಯಿಂದ ಇನ್ನೊಂದನ್ನು ಕಳೆಯುವುದರಿಂದ ಈ ಅಲುಗಾಟ ಸಾಮಾನ್ಯ ಶೇಕಡಾವಾರಿಗಿಂತ ಹೆಚ್ಚು. ಹನ್ನೊಂದನ್ನು ಮೂರಕ್ಕೆ ಇಳಿಸಬೇಕೆಂದರೆ ಸುಮಾರು 2800 ಉತ್ತರ ಬೇಕು. ಆ ಸೆಂಟರಿಗೆ ಅಷ್ಟು ಗಾಡಿಗಳೇ ಬರುವುದಿಲ್ಲ. ಬೈಗುಳ ತಿಂದ ಮೆಕ್ಯಾನಿಕ್‌ಗಳಿಗೆ ಈ ಲೆಕ್ಕವನ್ನು ಯಾರೂ ಹೇಳುವುದಿಲ್ಲ.

ಒಂದೇ ಸ್ಕೋರಿನ ಹಿಂದೆ ಬೇರೆ ಬೇರೆ ಚಿತ್ರಗಳೂ ಇರಬಹುದು. 40 ಪ್ರಮೋಟರ್, 160 ಪ್ಯಾಸಿವ್, ದೂರುವವರು ಒಬ್ಬರೂ ಇಲ್ಲ ಎಂದಾದರೂ ಸ್ಕೋರು 20. 120 ಪ್ರಮೋಟರ್, 80 ಡಿಟ್ರಾಕ್ಟರ್ ಎಂದಾದರೂ 20. ಮೊದಲನೆಯದು ಯಾರಿಗೂ ಬೇಡವಾಗದ, ಯಾರಿಗೂ ಅಷ್ಟೇನೂ ಬೇಕಾಗದ ಅಂಗಡಿ. ಎರಡನೆಯದರಲ್ಲಿ ಐವರಲ್ಲಿ ಇಬ್ಬರು ಕೋಪದಿಂದ ಹೋಗಿದ್ದಾರೆ, ಬಹುಶಃ ಒಂದು ಪಾಳಿಯಲ್ಲೋ ಒಂದು ಮಾಡೆಲಿನಲ್ಲೋ ಏನೋ ಕೆಟ್ಟಿದೆ. ಗೆರೆ ಎಲ್ಲಿ ಎಳೆದಿದ್ದಾರೆ ಎಂಬುದೂ ಮುಖ್ಯ. ನಮ್ಮ ಮೊದಲ ತಿಂಗಳ 50 ಡಿಟ್ರಾಕ್ಟರುಗಳು ಎಲ್ಲರೂ ಸೊನ್ನೆ ಕೊಟ್ಟಿದ್ದರೆನ್ನಿ. ಸೆಂಟರು ಕಷ್ಟಪಟ್ಟು ಸುಧಾರಿಸಿ ಅವರಿಂದ ಆರು ಪಡೆದರೂ ಸ್ಕೋರು ಕದಲುವುದಿಲ್ಲ. ಆರು ಕೊಟ್ಟಿದ್ದವರು ಏಳಕ್ಕೆ ಬಂದರೆ ಮಾತ್ರ ಒಂದೇ ನೆಗೆತಕ್ಕೆ 45. ಹಾಗಾಗಿ ಸ್ಕೋರಿನ ಜೊತೆ ಸೊನ್ನೆಯಿಂದ ಹತ್ತರವರೆಗೆ ಯಾವ ಅಂಕ ಎಷ್ಟು ಜನ ಕೊಟ್ಟರು ಎಂಬ ಪಟ್ಟಿಯನ್ನು ಕೇಳಲೇಬೇಕು.

ಉತ್ತರಿಸದ 1800 ಮಂದಿಯ ಮಾತು ಇನ್ನೂ ಉಳಿದಿದೆ. ಗಾಡಿ ಕೊಡುವಾಗಲೇ ‘ಸಾರ್, ಮೆಸೇಜ್ ಬರುತ್ತೆ, ಹತ್ತು ಹಾಕಿಬಿಡಿ, ಒಂಬತ್ತು ಹಾಕಿದ್ರೂ ನಮಗೆ ಇನ್ಸೆಂಟಿವ್ ಹೋಗುತ್ತೆ’ ಎಂದು ಹುಡುಗ ಅಂಗಲಾಚುವುದನ್ನು ನೀವೂ ಕೇಳಿರುತ್ತೀರಿ. ಆ ಹತ್ತು ಸೇವೆಗೆ ಸಿಕ್ಕಿದ್ದಲ್ಲ, ಹುಡುಗನ ಮೇಲಿನ ಕನಿಕರಕ್ಕೆ ಸಿಕ್ಕಿದ್ದು. ಜಗಳವಾಡಿದ ಗ್ರಾಹಕನ ನಂಬರನ್ನು ತಪ್ಪಾಗಿ ಬರೆದುಕೊಂಡರೆ ಅವನಿಗೆ ಮೆಸೇಜೇ ಹೋಗುವುದಿಲ್ಲ. ಸಂಬಳವನ್ನು ಸ್ಕೋರಿಗೆ ಕಟ್ಟಿದ ದಿನದಿಂದ ಅದು ಗ್ರಾಹಕರ ಮನಸ್ಸನ್ನು ಅಳೆಯುವುದು ಕಡಿಮೆಯಾಗುತ್ತದೆ. ಸ್ಕೋರು ಏರುತ್ತಿದ್ದು, ಮರಳಿ ಬರುವ ಗಾಡಿಗಳ ಸಂಖ್ಯೆ ಇದ್ದಲ್ಲೇ ಇದ್ದರೆ ಇಂಥದ್ದೇನೋ ನಡೆದಿದೆ ಎಂದು ಸಂಶಯಪಡಬಹುದು.

ಇಷ್ಟೆಲ್ಲ ಸರಿಪಡಿಸಿದರೂ ಬ್ರ್ಯಾಂಡಿನ ಬಗ್ಗೆ ಈ ಸಂಖ್ಯೆ ಹೇಳಲಾರದ್ದು ಬಹಳ. ಪ್ರಶ್ನೆ ಹೋಗುವುದು ಈಗಿನ ಗ್ರಾಹಕರಿಗೆ ಮಾತ್ರ. ಬಿಟ್ಟುಹೋದವರು, ಹೆಸರನ್ನೇ ಕೇಳದವರು ಲೆಕ್ಕದಲ್ಲಿಲ್ಲ. ಬ್ರ್ಯಾಂಡು ಬೆಳೆಯುವುದು ಹೆಚ್ಚಾಗಿ ಹೊಸಬರಿಂದ ಮತ್ತು ಅಪರೂಪಕ್ಕೆ ಕೊಳ್ಳುವವರಿಂದ ಎಂದು ಬೈರನ್ ಶಾರ್ಪ್ 2010ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದಾರೆ. ಅದು ನಿಜವಾದರೆ ಎನ್‌ಪಿಎಸ್ ಕಣ್ಣು ಹಾಯಿಸದ ಕಡೆಯೇ ಬೆಳವಣಿಗೆ ಇದೆ. ಶಿಫಾರಸು ಮಾಡುತ್ತೇನೆ ಎಂದವನು ಮಾಡಿದನೇ, ಕೇಳಿಸಿಕೊಂಡವನು ಕೊಂಡನೇ ಎಂಬುದೂ ಅದಕ್ಕೆ ಗೊತ್ತಿಲ್ಲ. ಊರಿಗೆ ಒಂದೇ ಸರ್ವಿಸ್ ಸೆಂಟರ್ ಇದ್ದರೆ ಎರಡು ಅಂಕ ಕೊಟ್ಟವನೂ ಮುಂದಿನ ಸಲ ಅಲ್ಲಿಗೇ ಬರಬೇಕು. ಅದನ್ನು ನಿಷ್ಠೆ ಎನ್ನಲಾದೀತೇ?

ಬೆಳವಣಿಗೆಯನ್ನು ಇದು ಉಳಿದ ಅಳತೆಗಳಿಗಿಂತ ಚೆನ್ನಾಗಿ ಸೂಚಿಸುತ್ತದೆ ಎಂಬ ಮಾತನ್ನು ತಿಮೊಥಿ ಕೈನಿಂಗ್‌ಹ್ಯಾಮ್ ಮತ್ತು ಸಂಗಡಿಗರು ಪರೀಕ್ಷೆಗೆ ಒಡ್ಡಿದರು. ನಾರ್ವೆಯ 21 ಕಂಪನಿಗಳ ಹದಿನೈದು ಸಾವಿರಕ್ಕೂ ಹೆಚ್ಚು ಸಂದರ್ಶನಗಳನ್ನು ಜಾಲಾಡಿದ ಅವರ ಪ್ರಬಂಧ 2007ರಲ್ಲಿ ಜರ್ನಲ್ ಆಫ್ ಮಾರ್ಕೆಟಿಂಗ್‌ನಲ್ಲಿ ಬಂತು. ಆ ಮೇಲುಗೈ ಅವರಿಗೆ ಕಾಣಲಿಲ್ಲ. ಹಾಗೆಂದು ಪ್ರಶ್ನೆಯನ್ನೇ ಎಸೆಯಬೇಕಿಲ್ಲ. ಒಂದೇ ಸೆಂಟರಿನ ವರ್ಷಗಟ್ಟಲೆಯ ಹಾದಿಯನ್ನು, ಒಂದೇ ರೀತಿಯಲ್ಲಿ ಕೇಳಿ, ‘ಯಾಕೆ ಈ ಅಂಕ?’ ಎಂಬ ಎರಡನೇ ಪ್ರಶ್ನೆಯ ಉತ್ತರಗಳೊಂದಿಗೆ ಓದಿದರೆ ಅದು ಕೆಲಸಕ್ಕೆ ಬರುತ್ತದೆ. ನನ್ನ ಮಟ್ಟಿಗೆ ಆ ಎರಡನೇ ಪ್ರಶ್ನೆಯೇ ಮೊದಲನೆಯದಕ್ಕಿಂತ ಬೆಲೆಯುಳ್ಳದ್ದು.

ರೈಕೆಲ್ಡ್ ಅವರೂ 2021ರಲ್ಲಿ ಅದೇ ಹಾರ್ವರ್ಡ್ ಪತ್ರಿಕೆಯಲ್ಲಿ, ತಮ್ಮ ಸ್ಕೋರನ್ನು ಜನ ಮನಬಂದಂತೆ ಬಳಸುತ್ತಿದ್ದಾರೆಂದು ಬೇಸರಪಟ್ಟು ಇನ್ನೊಂದು ಅಳತೆಯನ್ನು ಜೊತೆಗಿಟ್ಟರು. ಮರಳಿ ಬಂದ ಗ್ರಾಹಕರಿಂದ ಮತ್ತು ಅವರು ಹೇಳಿ ಕಳಿಸಿದ ಹೊಸಬರಿಂದ ಆದಾಯ ಎಷ್ಟು ಬೆಳೆಯಿತು ಎಂಬ ಲೆಕ್ಕ ಅದು. ಅದಕ್ಕೆ ಬೇಕಾದದ್ದು ಬಿಲ್ಲುಗಳು, ಮತ್ತು ಹೊಸ ಗ್ರಾಹಕ ಕೌಂಟರಿಗೆ ಬಂದಾಗ ‘ಯಾರು ಹೇಳಿದ್ರು ನಮ್ಮ ಬಗ್ಗೆ?’ ಎಂದು ಕೇಳಿ ಬರೆದುಕೊಳ್ಳುವ ಅಭ್ಯಾಸ.