ಅಮ್ಮನ ಬಳೆ ಮತ್ತು ಲಾಂಗ್ ಬುಕ್ ಲೆಕ್ಕ

ನಮ್ಮದು ತಾಲ್ಲೂಕು ಕೇಂದ್ರದಲ್ಲಿರುವ ಸಣ್ಣ ಸ್ಟೇಷನರಿ ಅಂಗಡಿ. ಪ್ರತಿ ಮೇ ತಿಂಗಳಲ್ಲಿ ಅಮ್ಮನ ಎರಡು ಬಳೆ ಬ್ಯಾಂಕಿಗೆ ಹೋಗುತ್ತಿದ್ದವು, ಜುಲೈನಲ್ಲಿ ವಾಪಸ್ ಬರುತ್ತಿದ್ದವು. ಶಾಲೆ ಶುರುವಾಗುವ ಮೊದಲೇ ನೋಟ್‌ ಪುಸ್ತಕ ತಂದಿಡಬೇಕು, ಬಿಲ್ಲಿನ ಗಡುವು 20 ದಿನ, ಆದರೆ ಗಿರಾಕಿ ಬರುವುದು ಶಾಲೆ ಬಾಗಿಲು ತೆರೆದ ಮೇಲೆ. ಈ ನಡುವಿನ ಅಂತರಕ್ಕೆ ಬಳೆ.

ಡಿಗ್ರಿ ಮುಗಿಸಿ ಅಂಗಡಿಗೆ ಕೂತ ಮೊದಲ ವರ್ಷ, ಇದನ್ನು ಸರಿಮಾಡುತ್ತೇನೆಂದು ಅಪ್ಪನ ಜೊತೆ ಬೆಂಗಳೂರಿನ ಅವೆನ್ಯೂ ರಸ್ತೆಗೆ ಹೋದೆ. ನಮಗೆ ಪುಸ್ತಕ ಕೊಡುವ ಸಗಟು ವ್ಯಾಪಾರಿ ಅಪ್ಪನಿಗಿಂತ ಹಿರಿಯರು. ‘ಸಾರ್, ಈ ಸಲ 1,200 ಡಜನ್ ತಗೋತೀವಿ, 8 ಪರ್ಸೆಂಟ್ ಬಿಡಿ, 60 ದಿನ ಟೈಮ್ ಕೊಡಿ’ ಎಂದೆ. ಅವರು ಏನೂ ಹೇಳದೆ ಲೆಡ್ಜರ್ ತಿರುವಿ ನನ್ನ ಮುಂದಿಟ್ಟರು. ಹಿಂದಿನ ಸೀಸನ್‌ನಲ್ಲಿ ನಾವು ಅವರಿಂದ ತಂದದ್ದು 480 ಡಜನ್. ‘ನೋಡಮ್ಮಾ, 1,200 ಅನ್ನೋದು ನಿನ್ನ ಆಸೆ. ನಾನು ಸಾಲ ಕೊಡೋದು 480 ನೋಡಿ’ ಎಂದರು. ಅಪ್ಪ ಬಸ್ಸಿನಲ್ಲಿ ಊರು ಸೇರುವವರೆಗೂ ಮಾತಾಡಲಿಲ್ಲ.

ಆ ದಿನ ತಿಳಿದದ್ದು ಇಷ್ಟು: ನಮ್ಮ ಖರೀದಿಯ ಚರಿತ್ರೆ ನಮಗಿಂತ ಚೆನ್ನಾಗಿ ಅವರ ಬಳಿ ಇರುತ್ತದೆ. ಅದಕ್ಕೆ ತಾಳೆಯಾಗದ ಅಂದಾಜು ಒಯ್ದರೆ ರಿಯಾಯಿತಿ ಸಿಗುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಇವರಿಗೆ ಸಾಲ ಕೊಟ್ಟರೆ ಮಾಲು ಕೊಳೆತು ದುಡ್ಡು ನಿಲ್ಲುತ್ತದೆ ಎಂಬ ಅನುಮಾನ ಹುಟ್ಟುತ್ತದೆ.

ಮರುವರ್ಷ ಫೆಬ್ರುವರಿಯಲ್ಲೇ ಬಿಲ್ ಬುಕ್‌ಗಳನ್ನು ಹರಡಿಕೊಂಡು ಕೂತೆ. ಮೇಯಿಂದ ಜುಲೈವರೆಗೆ ನಾವು ಮಾರಿದ್ದು 640 ಡಜನ್. ಅದರಲ್ಲಿ ಅವರಿಂದ ತಂದದ್ದು 520. ಉಳಿದ 120 ಡಜನ್ ಅಂಗಡಿ ಬಾಗಿಲಿಗೇ ವ್ಯಾನ್ ತರುವವರಿಂದ, ಸ್ಟಾಕ್ ಮುಗಿದಾಗ ಅವಸರಕ್ಕೆ ಕೊಂಡದ್ದು. ಆ 120ರ ಸಂಗತಿ ಅವರಿಗೆ ಗೊತ್ತಿರಲಿಲ್ಲ. ನಮ್ಮ ಕೈಯಲ್ಲಿದ್ದ ನಿಜವಾದ ತುರುಫು ಅದೇ. ಹೊಸ ಗಿರಾಕಿ ಹುಡುಕುವುದೇ ಬೇಡ, ಚದುರಿದ ಖರೀದಿಯನ್ನು ಒಬ್ಬರಿಗೇ ಕೊಟ್ಟರೆ ಅವರ ಪಾಲಿಗೆ ಅದು ಹೆಚ್ಚುವರಿ ವ್ಯಾಪಾರ.

ಆಮೇಲೆ ಕೂಡಿ ಕಳೆಯುವ ಕೆಲಸ. ಒಂದು ಖಾಸಗಿ ಶಾಲೆ ಇನ್ನು ಮುಂದೆ ತಾನೇ ಪುಸ್ತಕ ತರಿಸುವುದಾಗಿ ಹೇಳಿತ್ತು, 60 ಡಜನ್ ಕಳೆದೆ. ಹೊಸ ಪಿಯು ಕಾಲೇಜಿನ ಮಕ್ಕಳು ನಮ್ಮ ರಸ್ತೆಯಲ್ಲೇ ಓಡಾಡುತ್ತಾರೆ, 70 ಸೇರಿಸಿದೆ. ಒಟ್ಟು 650. ಇದನ್ನು ಮೇ 230, ಜೂನ್ 330, ಜುಲೈ 90 ಎಂದು ಹಂಚಿದೆ. ಅಪ್ಪ ಅದನ್ನು ನೋಡಿ ‘ಇಷ್ಟೇನಾ?’ ಎಂದರು. ಇಷ್ಟೇ.

650ರಲ್ಲೂ ನಾವು ಖಂಡಿತ ಎಂದು ಬರೆದದ್ದು 500 ಮಾತ್ರ. ಉಳಿದ 150 ಡಜನ್ ಬೇಕೋ ಬೇಡವೋ ಜೂನ್ 10ರೊಳಗೆ ತಿಳಿಸುತ್ತೇವೆ ಎಂದು ಬೇರೆ ಸಾಲಿನಲ್ಲಿ ಬರೆದೆ. ಖಂಡಿತದ 500ನ್ನೂ ಒಂದೇ ಸಲ ಕೇಳಲಿಲ್ಲ. ಮೇ 5ಕ್ಕೆ 300, ಜೂನ್ 3ಕ್ಕೆ 200. ಮೊದಲೆಲ್ಲ 40–50 ಡಜನ್‌ನಂತೆ ಹತ್ತಾರು ಸಲ ಪಾರ್ಸೆಲ್ ಆಫೀಸಿನಿಂದ ಬರುತ್ತಿದ್ದ ಮಾಲು, ಈಗ ಎರಡೇ ಟೆಂಪೊ. ಅವರ ಗೋಡೌನಿನಲ್ಲಿ ಹತ್ತು ಸಲ ಬಂಡಲ್ ಕಟ್ಟುವ, ಹತ್ತು ಬಿಲ್ ಬರೆಯುವ ಕೆಲಸವೂ ಉಳಿಯಿತು. ರಿಯಾಯಿತಿ ಕೇಳಲು ಪ್ರಮಾಣಕ್ಕಿಂತ ಇದು ಗಟ್ಟಿ ಕಾರಣ ಎಂದು ನನಗೆ ಈಗಲೂ ಅನಿಸುತ್ತದೆ.

ಇನ್ನು ಗಡುವು. 60 ದಿನ ಎಂದು ಹಿಂದಿನ ವರ್ಷ ಬಾಯಿಗೆ ಬಂದದ್ದನ್ನು ಹೇಳಿದ್ದೆ. ಈ ಸಲ ಬಿಲ್ ಬುಕ್ ನೋಡಿದೆ. ಡಜನ್‌ಗೆ 420 ರೂಪಾಯಿಯಂತೆ ಮೊದಲ ಟೆಂಪೊ ಮಾಲಿಗೆ 1,26,000 ರೂಪಾಯಿ. 20 ದಿನ ಎಂದರೆ ಮೇ 25. ಅಷ್ಟರಲ್ಲಿ ಮಾರಾಟವಾಗುವುದು ಸುಮಾರು 150 ಡಜನ್, 480ರಂತೆ ಗಲ್ಲಾಪೆಟ್ಟಿಗೆಗೆ ಬರುವುದು 72,000. ಕೊರತೆ ಐವತ್ತು ಸಾವಿರದ ಮೇಲೆ. 45 ದಿನವಾದರೆ ಜೂನ್ 19. ಆಗ ಸುಮಾರು 450 ಡಜನ್ ಹೋಗಿರುತ್ತದೆ, ಅಂದರೆ ಅವರ ಮಾಲು ಮಾರಿದ ದುಡ್ಡೇ ಅವರಿಗೆ ಸೇರುತ್ತದೆ. ಹಾಗಾಗಿ ಕೇಳಬೇಕಾದದ್ದು 45, ಅದೂ ಮೊದಲ ಬಿಲ್ಲಿಗೆ ಮಾತ್ರ.

(ನೋಟ್‌ ಪುಸ್ತಕ ತಯಾರಿಸುವ ಸಣ್ಣ ಘಟಕದಿಂದಲೇ ನೇರ ಕೊಳ್ಳುವವರು ಒಂದು ವಿಷಯ ಗಮನಿಸಬೇಕು. ಅದು ನೋಂದಾಯಿತ ಕಿರು ಅಥವಾ ಸಣ್ಣ ಉದ್ಯಮವಾಗಿದ್ದರೆ, 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಬರಹದ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ.)

ಒಂದೇ ಹಾಳೆಯಲ್ಲಿ ಇದನ್ನೆಲ್ಲ ಬರೆದು, ಮೂರು ವರ್ಷದ ಮಾರಾಟದ ಅಂಕಿ ಸೇರಿಸಿ, ಮಾರ್ಚ್‌ನಲ್ಲಿ ಮತ್ತೆ ಹೋದೆವು. ಯಜಮಾನರು ಮೊದಲು ನೋಡಿದ್ದು ಕಳೆದ 60 ಡಜನ್‌ನ ಸಾಲನ್ನು. ‘ಶಾಲೆ ಕೈಬಿಟ್ಟು ಹೋಯ್ತು ಅಂತ ನೀನೇ ಬರ್ಕೊಂಡು ಬಂದಿದ್ದೀಯ’ ಎಂದು ನಕ್ಕರು. ಆಮೇಲೆ ಅವರ ಲೆಕ್ಕ ಹೇಳಿದರು. ಪೇಪರ್ ದರಕ್ಕೆ ತಕ್ಕಂತೆ ಅವರು ಮುಂಗಡ ಕೊಟ್ಟು ಮಾಲು ತರುತ್ತಾರೆ, ಓಡಿಗೆ ತಿಂಗಳಿಗೆ ಸರಿಸುಮಾರು ನೂರಕ್ಕೆ ಒಂದು ಬಡ್ಡಿ ಬೀಳುತ್ತದೆ. ನಾವು ಕೇಳುವ ಪ್ರತಿ ಹೆಚ್ಚುವರಿ ತಿಂಗಳೂ ಅವರಿಗೆ 1 ಪರ್ಸೆಂಟ್ ರಿಯಾಯಿತಿಯೇ. ‘ಎರಡೂ ಕೈಯಲ್ಲಿ ತಗೋಬೇಡ. ನಾಲ್ಕು ಪರ್ಸೆಂಟ್ ಬೇಕಾ, 20 ದಿನ. ನಲವತ್ತೈದು ದಿನ ಬೇಕಾ, ಎರಡು ಪರ್ಸೆಂಟ್’ ಎಂದರು.

ಅಲ್ಲೇ ಮೊಬೈಲ್‌ನಲ್ಲಿ ಲೆಕ್ಕ ಹಾಕಿದೆ. ಮೊದಲ ಬಿಲ್ಲಿನಲ್ಲಿ 2 ಪರ್ಸೆಂಟ್ ವ್ಯತ್ಯಾಸ ಎಂದರೆ 2,520 ರೂಪಾಯಿ. ಬಳೆ ಇಟ್ಟು ಐವತ್ತು ಸಾವಿರ ತಂದರೆ ವರ್ಷಕ್ಕೆ 12 ಪರ್ಸೆಂಟ್‌ನಂತೆ ತಿಂಗಳ ಬಡ್ಡಿ 500. ಲೆಕ್ಕಕ್ಕೆ ಬಳೆ ಇಡುವುದೇ ಲಾಭ! ಅಪ್ಪನಿಗೆ ಮೊಬೈಲ್ ತೋರಿಸಿದೆ. ಅವರು ತಲೆ ಅಲ್ಲಾಡಿಸಿದರು. ಹಿಂದಿನ ವರ್ಷ ಮದುವೆಯೊಂದಕ್ಕೆ ಅಮ್ಮ ಬರಿಗೈಯಲ್ಲಿ ಹೋಗಲಾರದೆ ಮನೆಯಲ್ಲೇ ಉಳಿದಿದ್ದು ಇಬ್ಬರಿಗೂ ನೆನಪಿತ್ತು.

‘ಸಾರ್, ಎರಡನೇ ಬಿಲ್ಲಿಗೆ ಹಳೇ 20 ದಿನವೇ ಸಾಕು. ಜೂನ್‌ನಲ್ಲಿ ನಮ್ಮ ಕೈಯಲ್ಲಿ ದುಡ್ಡಿರುತ್ತೆ. ಮೊದಲನೇದಕ್ಕೆ ಮಾತ್ರ 45 ಕೊಟ್ಟು ಎಲ್ಲದಕ್ಕೂ 3 ಮಾಡಿ’ ಎಂದೆ. ಸ್ವಲ್ಪ ಹೊತ್ತು ಪೆನ್ನು ಆಡಿಸಿ ಒಪ್ಪಿದರು, ಒಂದು ಷರತ್ತಿನ ಮೇಲೆ: 2 ಪರ್ಸೆಂಟ್ ಬಿಲ್ಲಿನಲ್ಲೇ, ಉಳಿದ 1 ಪರ್ಸೆಂಟ್ 500 ಡಜನ್ ಪೂರ್ತಿ ಎತ್ತಿದ ಮೇಲೆ ಕ್ರೆಡಿಟ್ ನೋಟ್‌ನಲ್ಲಿ. ನ್ಯಾಯವೇ ಅನಿಸಿತು. ನನ್ನ ಅಂದಾಜಿಗೆ ನಾನೇ ಜಾಮೀನು ನಿಂತಂತೆ. ನಾನು ಸೇರಿಸಿದ್ದು ಒಂದೇ ಮಾತು: ದಿನ ಎಣಿಸುವುದು ಬಿಲ್ ತಾರೀಕಿನಿಂದಲ್ಲ, ಮಾಲು ನಮ್ಮ ಅಂಗಡಿ ಮುಟ್ಟಿದ ದಿನದಿಂದ. ಬಿಲ್ ಬರೆದು ನಾಲ್ಕೈದು ದಿನ ಗೋಡೌನಿನಲ್ಲೇ ಕೂತ ಮಾಲು ನಾವು ಕಂಡಿದ್ದೆವು. ಎಲ್ಲವನ್ನೂ ಅದೇ ಹಾಳೆಯ ಹಿಂದೆ ಬರೆದು ಇಬ್ಬರೂ ಸಹಿ ಮಾಡಿದರು.

ಅಂದಾಜು ಪೂರ್ತಿ ಸರಿಯಾಗಲಿಲ್ಲ. ಒಟ್ಟು ಸಂಖ್ಯೆ ನೋಡುತ್ತಾ ಯಾವ ಪುಸ್ತಕ ಎಷ್ಟು ಎಂಬುದನ್ನು ಹಳೇ ಅಭ್ಯಾಸದ ಮೇಲೆ ಬರೆದಿದ್ದೆ. ಸಿಂಗಲ್ ರೂಲ್ ಮೊದಲ ವಾರದಲ್ಲೇ ಖಾಲಿಯಾಯಿತು, ಗೆರೆಯಿಲ್ಲದ್ದು ಅಟ್ಟದ ಮೇಲೇ ಉಳಿಯಿತು. ಪಿಯು ಮಕ್ಕಳಿಂದ ಎಣಿಸಿದಷ್ಟು ವ್ಯಾಪಾರವೂ ಬರಲಿಲ್ಲ. ಜೂನ್ 8ಕ್ಕೇ ಫೋನ್ ಮಾಡಿ, ‘ಸಾರ್, 150 ಬೇಡ, 90 ಸಾಕು, ಅದೂ ಪೂರ್ತಿ ಸಿಂಗಲ್ ರೂಲ್’ ಎಂದೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ‘ಮೊದಲೇ ಹೇಳಿದ್ದು ಒಳ್ಳೇದಾಯ್ತು, ಬೇರೆಯವರಿಗೆ ಹಾಕ್ತೀನಿ’ ಎಂದು ಫೋನ್ ಇಟ್ಟರು. ಗೆರೆಯಿಲ್ಲದ 20 ಡಜನ್ ವಾಪಸ್ ತೆಗೆದುಕೊಳ್ಳಿ ಎಂದಾಗ ಮಾತ್ರ ಒಪ್ಪಲಿಲ್ಲ. ಅದು ಹಾಳೆಯಲ್ಲಿ ಬರೆದಿರಲಿಲ್ಲ.

ಜೂನ್ 18ಕ್ಕೆ, ಗಡುವಿಗೆ ಒಂದು ದಿನ ಮೊದಲೇ, ಮೊದಲ ಬಿಲ್ಲಿನ ದುಡ್ಡು ಅವರ ಖಾತೆಗೆ ಹೋಯಿತು. ಆ ಮೇ ತಿಂಗಳಿಡೀ ಬಳೆ ಅಮ್ಮನ ಕೈಯಲ್ಲೇ ಇದ್ದವು. ಗೆರೆಯಿಲ್ಲದ ಪುಸ್ತಕಗಳಲ್ಲಿ ಒಂದನ್ನು ಅಮ್ಮ ಹಾಲಿನ ಲೆಕ್ಕ ಬರೆಯಲು ತೆಗೆದುಕೊಂಡಿದ್ದಾಳೆ.