ಮೂವತ್ತೆರಡು ಸಲ ಲಿಂಗ

ಶಿವರಾತ್ರಿ ಹತ್ತಿರ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಮನೆಗಳ ಜಗಲಿಯಲ್ಲಿ ಸಂಜೆ ಕಂಬಳಿ ಹಾಸುತ್ತಾರೆ. ಅಂಗಳದಲ್ಲಿ ಅಡಿಕೆ ಸಿಪ್ಪೆಯ ವಾಸನೆ. ಹಾರ್ಮೋನಿಯಂ ಮುಂದೆ ಅಕ್ಕಯ್ಯ, ಎರಡೂ ಕಡೆ ಸಾಲಾಗಿ ಹೆಂಗಸರು. ಲಿಂಗಾಷ್ಟಕ ಶುರುವಾಗುತ್ತದೆ.

ಎಲ್ಲರಿಗೂ ಬಾಯಿಪಾಠವಿರುವ ಈ ಸ್ತೋತ್ರ ಹಾಡುವವರಿಗೆ ಸುಲಭವಲ್ಲ. ಎಂಟು ನುಡಿಗಳಲ್ಲಿ ನಾಲ್ಕನೇ ಸಾಲು ಒಂದೇ. ಅಷ್ಟೇ ಆಗಿದ್ದರೆ ಹೇಗೋ ಸಾಗಿಸಬಹುದಿತ್ತು. ಉಳಿದ ಸಾಲುಗಳೂ ‘ಲಿಂಗ’ದಲ್ಲೇ ಮುಗಿಯುತ್ತವೆ, ಒಟ್ಟು ಮೂವತ್ತೆರಡು ಸಲ ಅದೇ ನಿಲುಗಡೆ. ಸಾಲಿಗೆ ಹದಿನಾರು ಮಾತ್ರೆ, ನಾಲ್ಕು ನಾಲ್ಕಾಗಿ ಬೀಳುವ ನಡೆ. ಮೂರನೇ ನುಡಿಗೆ ಬರುವಷ್ಟರಲ್ಲಿ ಬಾಯಿ ತಾನಾಗಿ ಓಡತೊಡಗುತ್ತದೆ. ಸಾಲಿನ ಕೊನೆಯಲ್ಲಿ ತೆಗೆಯಬೇಕಾದ ಉಸಿರನ್ನು ಯಾರಾದರೂ ಶಬ್ದದ ನಡುವೆ ತೆಗೆದರೆ ಲಯ ಏರಿದೆ ಎಂದೇ ಲೆಕ್ಕ.

“ಅವಸರ ಮಾಡಡಿ, ಉಸಿರು ತಗಳಿ” ಎನ್ನುತ್ತಾಳೆ ಅಕ್ಕಯ್ಯ.

ಅವಳು ಪಲ್ಲವಿಯಂತಿರುವ ಆ ನಾಲ್ಕನೇ ಸಾಲನ್ನು ಮುಟ್ಟುವುದೇ ಇಲ್ಲ. ಅದು ಎಲ್ಲರ ಸಾಲು. ಅದರ ಧಾಟಿ ಪ್ರತಿ ಸಲ ಬದಲಾದರೆ ಹಿಂದೆ ಹೇಳುವವರು ಹೆದರಿ ಸುಮ್ಮನಾಗುತ್ತಾರೆ. ಅವಳ ಕೈಚಳಕವೆಲ್ಲ ಮೂರನೇ ಸಾಲಿನಲ್ಲಿ, ಒಬ್ಬಳೇ ಹೇಳುವಲ್ಲಿ. ರಾಗ ಭೂಪ. ಮೊದಲೆರಡು ನುಡಿ ನೇರವಾಗಿ, ಧಾಟಿ ಎಲ್ಲರ ಕಿವಿಯಲ್ಲಿ ಕೂರುವ ತನಕ. ಆಮೇಲೆ ಮೂರನೇ ಸಾಲು ಒಮ್ಮೆ ಕೆಳಗಿನಿಂದ ಗಾಂಧಾರ ಹಿಡಿದು ಬರುತ್ತದೆ, ಒಮ್ಮೆ ಮೇಲಿನ ಷಡ್ಜದಿಂದ ಇಳಿಯುತ್ತದೆ. ಎಲ್ಲೇ ಸುತ್ತಿ ಬಂದರೂ ಕೊನೆಯ ನಾಲ್ಕು ಮಾತ್ರೆಗೆ ಪಂಚಮದಲ್ಲಿ ನಿಲ್ಲಬೇಕು. ಆ ಪಂಚಮ ಕೇಳಿದ ಕೂಡಲೇ ಎರಡೂ ಸಾಲಿನವರು ತಮ್ಮ ಮಾತು ಎತ್ತಿಕೊಳ್ಳುತ್ತಾರೆ. ಒಂದೇ ಸಾಲು ಬೇರೆ ಬಾಗಿಲಿನಿಂದ ಒಳಗೆ ಬಂದಂತೆ ಕೇಳುತ್ತದೆ.

ಎಲ್ಲಿ ಏರಬೇಕು ಎಂಬುದನ್ನು ಸಾಹಿತ್ಯವೇ ಹೇಳುತ್ತದೆ. ಆರನೇ ನುಡಿಯ ಮೂರನೇ ಸಾಲಿನಲ್ಲಿ ಕೋಟಿ ಸೂರ್ಯರ ಬೆಳಕಿದೆ. ಷಡ್ಜ ಏರುವುದು ಅಲ್ಲಿಗೇ ಒಪ್ಪುತ್ತದೆ. ಮೊದಲೇ ಮೇಲೆ ಹೋಗಿಬಿಟ್ಟರೆ ಇಲ್ಲಿಗೆ ಏನೂ ಉಳಿಯುವುದಿಲ್ಲ. ಶ್ರುತಿ ಇಡುವಾಗಲೇ ಈ ಸ್ವರವನ್ನು ಒಮ್ಮೆ ಮುಟ್ಟಿ ನೋಡಿ, ಗಂಟಲು ಕಟ್ಟಿದರೆ ಒಂದು ಮನೆ ಇಳಿಸಿಕೊಳ್ಳುತ್ತಾಳೆ. ಏಳನೆಯದರಲ್ಲಿ ದಾರಿದ್ರ್ಯ ನೀಗುವ ಮಾತು. ತಬಲಾ, ತಾಳ ಎರಡೂ ನಿಲ್ಲುತ್ತವೆ. ಸೊಲ್ಲು ಬರೀ ಕಂಠದಲ್ಲಿ, ಮೆಲ್ಲಗೆ. ತಾಳವಿಲ್ಲದಾಗ ಲಯ ಎಳೆದುಹೋಗುವ ಭಯವಿರುವುದರಿಂದ ಅಕ್ಕಯ್ಯನ ಬೆರಳು ತೊಡೆಯ ಮೇಲೆ ಎಣಿಸುತ್ತಲೇ ಇರುತ್ತದೆ.

ಎಂಟಕ್ಕೆ ತಬಲಾ ಮರಳಿ ಬಂದಾಗ ಎಲ್ಲರಿಗೂ ಓಡುವ ಆಸೆ. ಓಡಲು ಬಿಡುವುದಿಲ್ಲ. ಸೊಲ್ಲನ್ನು ಅದೇ ಲಯದಲ್ಲಿ ಮೂರು ಸಲ ಹೇಳಿಸುತ್ತಾಳೆ: ಎಡಗಡೆಯವರು, ಬಲಗಡೆಯವರು, ಕೊನೆಗೆ ಎಲ್ಲರೂ. ನನಗೆ ಇಡೀ ಹಾಡಿನಲ್ಲಿ ಹೆಚ್ಚು ಹಿಡಿಸುವುದು ಇದೇ. ಮುಂದಿನ ಫಲಶ್ರುತಿಗೆ ಛಂದಸ್ಸೇ ಬೇರೆ, ಅನುಷ್ಟುಪ್. ಅಲ್ಲಿ ಆ ಸೊಲ್ಲಿಲ್ಲ. ಅದನ್ನು ತಾಳ ಬಿಟ್ಟು, ಮಂತ್ರದ ಹಾಗೆ ಹೇಳಿ ಮುಗಿಸುತ್ತಾರೆ.