ಭಿಕ್ಷುವಿಗೆ ಬಟ್ಟೆ, ನೇಕಾರರಿಗೆ ಬಂಡವಾಳ

ಪುಣೆಯಿಂದ ಮುಂಬಯಿ ಕಡೆಗೆ ಹೊರಟರೆ ಲೋಣಾವಳ ಸಿಗುವ ಮುಂಚೆ, ಬಲಗಡೆಯ ಗುಡ್ಡದಲ್ಲಿ ಕಾರ್ಲೆಯ ಬೌದ್ಧ ಗುಹೆಗಳಿವೆ. ಅಲ್ಲಿನ ದೊಡ್ಡ ಚೈತ್ಯಾಲಯದ ಸಾಲುಗಂಬಗಳಲ್ಲಿ ಹಲವಕ್ಕೆ ಒಬ್ಬೊಬ್ಬ ದಾನಿಯ ಹೆಸರಿದೆ. ಧೇನುಕಾಕಟ ಎಂಬ ಊರಿನ ಯವನರು, ಅಂದರೆ ಪಶ್ಚಿಮದಿಂದ ಬಂದ ಗ್ರೀಕ್ ಮೂಲದವರು, ಕಂಬ ಕೊಡಿಸಿದ್ದಾರೆ. ಬಾಗಿಲು ಒಬ್ಬ ಗಂಧದ ವ್ಯಾಪಾರಿಯ ದಾನ. ಅದನ್ನು ಮಾಡಿದ ಬಡಗಿಯ ಹೆಸರೂ ಅಲ್ಲೇ ಇದೆ. ಮುಖಮಂಟಪದ ಶಾಸನವೊಂದು, ಜಂಬೂದ್ವೀಪದಲ್ಲೇ ಶ್ರೇಷ್ಠವಾದ ಈ ಕಲ್ಲುಮನೆಯನ್ನು ಪೂರ್ತಿ ಮಾಡಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲ ಎನ್ನುತ್ತದೆ. ವೈಜಯಂತಿ ಎಂದರೆ ನಮ್ಮ ಬನವಾಸಿ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಬನವಾಸಿಯಿಂದ ಕಾರ್ಲೆ ಸುಮಾರು 500 ಕಿಲೋಮೀಟರ್. ಅಲ್ಲಿಯ ಸಾಹುಕಾರನೊಬ್ಬ ಇಷ್ಟು ದೂರದ ಗುಡ್ಡದಲ್ಲಿ ಹಣ ಸುರಿದದ್ದೇಕೆ?

ಕಾರ್ಲೆ ಇರುವ ಜಾಗ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಅದು ಭೋರ್ ಘಾಟಿಯ ನೆತ್ತಿಯ ಬಳಿ ಇದೆ. ಸೋಪಾರ, ಕಲ್ಯಾಣದಂಥ ಬಂದರುಗಳಲ್ಲಿ ಇಳಿದ ಸರಕು ಇಂಥ ಘಾಟಿಗಳನ್ನು ಹತ್ತಿಯೇ ದಖ್ಖಣದ ಒಳನಾಡಿಗೆ ಬರಬೇಕಿತ್ತು. ಭಾಜಾ, ಬೇಡಸೆ, ಜುನ್ನರದ ಗುಹೆಗಳೂ ಘಟ್ಟದ ದಾರಿಗಳ ಆಸುಪಾಸಿನಲ್ಲೇ ಇವೆ.

ಬೌದ್ಧ ಭಿಕ್ಷುವಿನ ದಿನಚರಿ ನೆನೆದರೆ ಉಳಿದರ್ಧವೂ ಗೊತ್ತಾಗುತ್ತದೆ. ಅವನು ಬೇಸಾಯ ಮಾಡುವಂತಿಲ್ಲ, ಅಡುಗೆ ಮಾಡಿಕೊಳ್ಳುವಂತಿಲ್ಲ. ಮಧ್ಯಾಹ್ನದೊಳಗೆ ಯಾರಾದರೂ ನೀಡಿದ್ದನ್ನು ಉಣ್ಣಬೇಕು. ಮಳೆಗಾಲದಲ್ಲಿ ಅಲೆದಾಟ ಬಿಟ್ಟು ಒಂದೇ ಕಡೆ ನಿಲ್ಲಬೇಕು. ಇದಕ್ಕೆ ವರ್ಷಾವಾಸ ಎನ್ನುತ್ತಾರೆ. ಹಾಗಾಗಿ ಅವನಿಗೆ ಗದ್ದಲವಿಲ್ಲದ ಜಾಗ ಬೇಕು, ಆದರೆ ಉಳ್ಳವರ ಓಡಾಟದಿಂದ ಅದು ತೀರಾ ದೂರವಿರಬಾರದು. ಘಟ್ಟದ ದಾರಿ ಮಗ್ಗುಲಿನ ಗುಡ್ಡ ಎರಡಕ್ಕೂ ಒದಗುತ್ತದೆ.

ವ್ಯಾಪಾರಿಗೂ ಈ ಧರ್ಮ ಹೊಂದುತ್ತಿತ್ತು. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಪಾತಕಗಳ ಪಟ್ಟಿಗೆ ಸೇರಿಸುತ್ತದೆ. ಬೌದ್ಧರಿಗೆ ಅಂಥ ತಕರಾರಿರಲಿಲ್ಲ. ಬುದ್ಧನಿಗೆ ಬೋಧಿಯಾದ ಮೇಲೆ ಮೊದಲು ಆಹಾರ ನೀಡಿ ಉಪಾಸಕರಾದ ತಪುಸ್ಸ, ಭಲ್ಲಿಕ ಇಬ್ಬರೂ ವರ್ತಕರು ಎಂದೇ ಅವರ ಪರಂಪರೆ ಹೇಳುತ್ತದೆ. ಹುಟ್ಟು ಕೇಳದೆ ದಾನ ಸ್ವೀಕರಿಸಿ, ಕೊಟ್ಟವನ ಹೆಸರನ್ನು ಕಂಬದ ಮೇಲೆ ಬರೆಸುವ ಜಾಗವೊಂದು ಪರದೇಶಿ ಯವನನಿಗೆ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಗುಹೆಗಳು ವರ್ತಕರ ಛತ್ರಗಳಾಗಿದ್ದವು, ಬ್ಯಾಂಕುಗಳಾಗಿದ್ದವು ಎಂದು ಕೆಲವರು ಸಲೀಸಾಗಿ ಬರೆಯುತ್ತಾರೆ. ನನಗೆ ಅದು ಅತಿಯೆನಿಸುತ್ತದೆ. ಶಾಸನಗಳಲ್ಲಿ ಎದ್ದು ಕಾಣುವುದು ದಾನವೇ.

ಆದರೆ ಗುಹೆ ಕೊರೆಸುವುದು ಒಮ್ಮೆಯ ಖರ್ಚು. ಅದರೊಳಗಿನವರನ್ನು ವರ್ಷ ವರ್ಷವೂ ಸಾಕುವುದು ಹೇಗೆ? ಈ ಲೆಕ್ಕ ನಾಸಿಕದ ಹತ್ತನೆಯ ಗುಹೆಯ ಗೋಡೆಯ ಮೇಲಿದೆ. ಬರೆಸಿದವನು ಉಷವದಾತ, ಆ ಭಾಗವನ್ನು ಆಳುತ್ತಿದ್ದ ಕ್ಷತ್ರಪ ನಹಪಾನನ ಅಳಿಯ. ಕಾಲ ಕ್ರಿ.ಶ. 1-2ನೇ ಶತಮಾನ. ಅವನು 3000 ಕಾರ್ಷಾಪಣಗಳನ್ನು ಸಂಘಕ್ಕೆಂದು ಕೊಟ್ಟ. ಹಣ ಹೋದದ್ದು ಭಿಕ್ಷುಗಳ ಕೈಗಲ್ಲ, ಗೋವರ್ಧನ ಪಟ್ಟಣದ ಎರಡು ನೇಕಾರ ಶ್ರೇಣಿಗಳಿಗೆ. ಶ್ರೇಣಿ ಎಂದರೆ ಕಸುಬುದಾರರ ಸಂಘ. ಒಂದು ಶ್ರೇಣಿಯಲ್ಲಿ 2000 ನಾಣ್ಯ, ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ಇನ್ನೊಂದರಲ್ಲಿ 1000, ನೂರಕ್ಕೆ ಮುಕ್ಕಾಲಿನಂತೆ ಬಡ್ಡಿ. ಅಸಲನ್ನು ಯಾವತ್ತೂ ಮುಟ್ಟುವಂತಿಲ್ಲ.

ಈಗ ಲೆಕ್ಕ ಹಾಕಿ ನೋಡಿ. ಎರಡು ಸಾವಿರಕ್ಕೆ ತಿಂಗಳ ಬಡ್ಡಿ 20, ವರ್ಷಕ್ಕೆ 240. ಆ ಗುಹೆಯಲ್ಲಿ ವರ್ಷಾವಾಸ ಮಾಡುವ 20 ಭಿಕ್ಷುಗಳಿಗೆ ತಲಾ 12 ನಾಣ್ಯದ ಬಟ್ಟೆ ಎಂದು ಶಾಸನ ಹೇಳುತ್ತದೆ. ಇಪ್ಪತ್ತು ಹನ್ನೆರಡಲೆ ಇನ್ನೂರ ನಲವತ್ತು, ಒಂದು ಕಾಸೂ ಹೆಚ್ಚುಕಡಿಮೆಯಿಲ್ಲ. ಇನ್ನೊಂದು ಇಡುಗಂಟಿನಿಂದ ವರ್ಷಕ್ಕೆ ಬರುವ 90 ಅವರ ಲಘು ಆಹಾರಕ್ಕೆ. ಈ ವ್ಯವಹಾರವನ್ನು ಪಟ್ಟಣದ ಸಭೆಯಲ್ಲಿ ಸಾರಿ, ಫಲಕದ ಮೇಲೆ ಬರೆದಿಡಲಾಯಿತು ಎಂಬ ಮಾತೂ ಶಾಸನದಲ್ಲಿದೆ. ಮುಂದೆ ನೇಕಾರರು ಮರೆತೆವೆನ್ನುವಂತಿಲ್ಲ.

ಇದರ ಹುರುಳು ಇಷ್ಟೇ. ನೇಕಾರರ ಬಟ್ಟೆ ಮಾರಾಟವಾಗುವ ತನಕ ಬಡ್ಡಿ ಬರುತ್ತದೆ, ಬಡ್ಡಿ ಬರುವ ತನಕ ವಿಹಾರದಲ್ಲಿ ದೀಪ ಉರಿಯುತ್ತದೆ. ದಾನಿ ಸತ್ತರೂ ದಾನ ನಿಲ್ಲುವುದಿಲ್ಲ. ಮಾರುಕಟ್ಟೆ ಸತ್ತರೆ ನಿಲ್ಲುತ್ತದೆ. ಇನ್ನೊಂದು ವಿಷಯ: ಇದೇ ಉಷವದಾತ ಬ್ರಾಹ್ಮಣರಿಗೆ ಮೂರು ಲಕ್ಷ ಹಸು ದಾನ ಕೊಟ್ಟೆನೆಂದೂ ಹೇಳಿಕೊಂಡಿದ್ದಾನೆ. ಧರ್ಮ ಹರಡಿತು ಎಂದ ಕೂಡಲೇ ಜನ ಸಾಲುಗಟ್ಟಿ ಮತ ಬದಲಿಸಿದರು ಎಂದುಕೊಳ್ಳಬಾರದು. ಹಣವಂತರು ಒಂದಕ್ಕಿಂತ ಹೆಚ್ಚು ಕಡೆ ಪುಣ್ಯ ಗಳಿಸುತ್ತಿದ್ದರು.

ಪರದೇಶಕ್ಕೆ ಹೋದಾಗ ಇನ್ನೊಂದು ತೊಡಕು ಎದುರಾಗುತ್ತದೆ: ಭಾಷೆ. ಇದನ್ನು ಬಗೆಹರಿಸಿದವರು ಹೆಚ್ಚಾಗಿ ವರ್ತಕರ ಮಕ್ಕಳು. ಕಾಂಗ್ ಸೆಂಗ್‌ಹುಯಿ ಎಂಬವನ ಕಥೆ ಇಲ್ಲಿ ತಿಳಿಯತಕ್ಕದ್ದು. ಅವನ ಮನೆತನ ಸಮರ್ಕಂದದ ಸೀಮೆಯ ಸೋಗ್ದಿಯನ್ನರದ್ದು. ರೇಷ್ಮೆ ದಾರಿಯ ವ್ಯಾಪಾರದಲ್ಲಿ ಪಳಗಿದ ಜನ ಅವರು. ಈ ಕುಟುಂಬ ತಲೆಮಾರುಗಳ ಕಾಲ ಭಾರತದಲ್ಲಿ ನೆಲೆಸಿತ್ತು. ತಂದೆ ವ್ಯಾಪಾರಕ್ಕಾಗಿ ಈಗಿನ ಉತ್ತರ ವಿಯೆಟ್ನಾಮಿಗೆ ಹೋದ, ಮಗ ಚೀನೀ ವಿದ್ಯೆ ಕಲಿತು ಬೆಳೆದ. ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡ ಮೇಲೆ ಭಿಕ್ಷುವಾಗಿ, ಕ್ರಿ.ಶ. 247ರಲ್ಲಿ ವೂ ರಾಜ್ಯದ ರಾಜಧಾನಿಗೆ, ಈಗಿನ ನಾನ್‌ಜಿಂಗ್‌ಗೆ, ಬಂದ. ಅಲ್ಲಿ ವಿಹಾರ ಕಟ್ಟಿಸಿಕೊಂಡು ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದ. ಅಪ್ಪನಿಗೆ ಚೀನೀ ಭಾಷೆ ಸಂತೆಯ ಮಾತಾಗಿದ್ದಿರಬಹುದು. ಮಗನಿಗೆ ಅದು ಓದಿ ಬರೆಯುವ, ಪಂಡಿತರೊಡನೆ ವಾದಿಸುವ ಭಾಷೆ. ಚೀನಾದ ಮೊದಲ ಬೌದ್ಧ ಅನುವಾದಕರಲ್ಲಿ ಸೋಗ್ದಿಯನ್ನರು, ಪಾರ್ಥಿಯನ್ನರು ಅಷ್ಟು ಮಂದಿ ಕಾಣಿಸಿಕೊಳ್ಳುವುದಕ್ಕೆ ಇಂಥ ಎರಡನೇ ತಲೆಮಾರು ದೊಡ್ಡ ಕಾರಣ.

ನಡುದಾರಿಯ ಊರುಗಳಲ್ಲಿ ಧರ್ಮ ಚೂರು ರೂಪ ಬದಲಿಸಿಕೊಂಡಿತು. ತಕ್ಲಮಕಾನ್ ಮರುಭೂಮಿಯಂಚಿನ ನಿಯಾದಲ್ಲಿ ಸಿಕ್ಕ 3-4ನೇ ಶತಮಾನದ ಮರದ ಫಲಕಗಳ ಮೇಲೆ ಖರೋಷ್ಠಿ ಲಿಪಿಯ ಪತ್ರಗಳಿವೆ. ಅವುಗಳಲ್ಲಿ ಕಾಣುವ ಭಿಕ್ಷುಗಳಿಗೆ ಹೆಂಡತಿ ಮಕ್ಕಳಿದ್ದಾರೆ, ಹೊಲವಿದೆ, ಸಾಲದ ವ್ಯವಹಾರವಿದೆ. ಸಂಘದ ವಿಧಿಗೆ ಬಾರದವನಿಗೆ ರೇಷ್ಮೆ ಬಟ್ಟೆಯೇ ದಂಡ. ಮಂದಿ ಕಡಿಮೆಯಿರುವ ಓಯಸಿಸ್ ಊರು ಬರೀ ಭಿಕ್ಷೆಯಲ್ಲಿ ಎಷ್ಟು ಜನರನ್ನು ಸಾಕೀತು? ಭಿಕ್ಷುಗಳು ತಮ್ಮ ಅನ್ನ ತಾವೇ ನೋಡಿಕೊಂಡರು.

ದಾರಿಯಿದ್ದ ಮಾತ್ರಕ್ಕೆ ಧರ್ಮ ಬೇರೂರುತ್ತದೆ ಎಂಬ ಎಣಿಕೆ ಸುಳ್ಳಾಗುವುದು ಇದೇ ಸೋಗ್ದಿಯನ್ನರ ತವರಿನಲ್ಲಿ. ಚೀನಾಕ್ಕೆ ಬೌದ್ಧ ಗ್ರಂಥ ಕೊಟ್ಟ ಜನರ ಸಮರ್ಕಂದದಲ್ಲಿ ವಿಹಾರಗಳ ಕುರುಹು ಬಹಳ ಕಡಿಮೆ. ಪರವೂರಿನಲ್ಲಿ ಒಂಟಿಯಾಗಿದ್ದ ವರ್ತಕನಿಗೆ ಸಂಘ ಬೇಕಿತ್ತು. ಊರಲ್ಲೇ ಉಳಿದ ಅಣ್ಣತಮ್ಮಂದಿರಿಗೆ ಹಿರಿಯರ ಅಗ್ನಿಪೂಜೆಯಿತ್ತು, ಅದನ್ನು ನಡೆಸುವ ಪುರೋಹಿತರೂ ಇದ್ದರು. ಸುಮಾರು 630ರಲ್ಲಿ ಹ್ಯೂಯೆನ್ ತ್ಸಾಂಗ್ ಅಲ್ಲಿಗೆ ಹೋದಾಗ ಎರಡು ವಿಹಾರಗಳಿದ್ದವು, ಒಳಗೆ ಭಿಕ್ಷುಗಳಿರಲಿಲ್ಲ. ದಾರಿಹೋಕ ಭಿಕ್ಷುಗಳು ತಂಗಲು ಬಂದರೆ ಊರವರು ಬೆಂಕಿ ಹಿಡಿದು ಓಡಿಸುತ್ತಿದ್ದರು ಎಂದು ಅವನ ಶಿಷ್ಯ ಬರೆದ ಜೀವನಚರಿತ್ರೆ ಹೇಳುತ್ತದೆ. ಆ ಊರಿನ ಪೇಟೆಗೆ ಆಗ ಯಾವ ಕೊರತೆಯೂ ಇರಲಿಲ್ಲ. ದೂರದೂರದ ಬೆಲೆಬಾಳುವ ಸರಕೆಲ್ಲ ಅಲ್ಲಿ ಬಂದು ಬೀಳುತ್ತಿತ್ತು ಎಂದು ಅದೇ ಹ್ಯೂಯೆನ್ ತ್ಸಾಂಗ್ ಬರೆದಿದ್ದಾನೆ.